ಹಳೆಯ ವರ್ಷದ ಅಸೆಸ್‌ಮೆಂಟ್ ಮತ್ತೆ ತೆರೆದಾಗ: ಕಾರಣ ಕೇಳುವುದು, ಆಕ್ಷೇಪಣೆ ಹಾಕುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಐದು ವರ್ಷದ ಹಿಂದೆ ಒಂದು ಸೈಟು ಮಾರಿದ್ದೀರಿ. ಈಗ ಆದಾಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಿದೆ: ಆ ವರ್ಷದ ಆದಾಯ ತೆರಿಗೆಯಿಂದ ತಪ್ಪಿಸಿಕೊಂಡಿದೆ ಅನ್ನಿಸುತ್ತಿದೆ, ಅಸೆಸ್‌ಮೆಂಟ್, ಅಂದರೆ ಆ ವರ್ಷದ ತೆರಿಗೆ ಲೆಕ್ಕದ ನಿರ್ಧಾರ, ಮತ್ತೆ ಏಕೆ ತೆರೆಯಬಾರದು, ಹೇಳಿ. ಇಂಥ ನೋಟಿಸ್ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಆಸ್ತಿ ಮಾರಾಟದ ಪ್ರಕರಣವನ್ನೇ ಮುಖ್ಯವಾಗಿ ಹಿಡಿದಿದ್ದೇನೆ. ಸಾಮಾನ್ಯ ಜನರಿಗೆ ಹೆಚ್ಚಾಗಿ ತಟ್ಟುವುದು ಅದೇ, ಮತ್ತು ಆಕ್ಷೇಪಣೆಗೆ ನಿಜವಾದ ಬಲ ಇರುವುದೂ ಅಲ್ಲೇ.

ನನಗೆ ಬಂದಿರುವುದು ಯಾವ ನೋಟಿಸ್ ಅಂತ ಹೇಗೆ ಗೊತ್ತಾಗುತ್ತದೆ?

ನೋಟಿಸ್‌ನ ಮೇಲ್ಭಾಗದಲ್ಲಿ ಸೆಕ್ಷನ್ ಸಂಖ್ಯೆ ಇರುತ್ತದೆ. 148A ಅಂತಿದ್ದರೆ ಅದು ಕಾರಣ ಕೇಳುವ ನೋಟಿಸ್. ಅಸೆಸ್‌ಮೆಂಟ್ ಇನ್ನೂ ತೆರೆದಿಲ್ಲ, ತೆರೆಯಬೇಕೋ ಬೇಡವೋ ಅಂತ ನಿಮ್ಮನ್ನು ಕೇಳುತ್ತಿದ್ದಾರೆ. ಬರೀ 148 ಅಂತಿದ್ದರೆ ತೆರೆದಾಗಿದೆ, ರಿಟರ್ನ್ ಹಾಕಿ ಅಂತ ಹೇಳುತ್ತಿದ್ದಾರೆ. ಈ ಎರಡರ ನಡುವೆ ಅಧಿಕಾರಿಯ ಒಂದು ಆದೇಶ ಇರಲೇಬೇಕು. 2024ರ ಸೆಪ್ಟೆಂಬರ್ 1ರಿಂದ ಆ ಆದೇಶ ಬರುವುದು 148A(3)ರ ಕೆಳಗೆ. ಅದಕ್ಕೂ ಮೊದಲು 148A(d) ಅಂತ ಇರುತ್ತಿತ್ತು.

ನೋಟಿಸ್‌ನಲ್ಲಿ ಡಿಐಎನ್, ಅಂದರೆ ಇಲಾಖೆ ಪ್ರತಿ ಪತ್ರಕ್ಕೂ ಕೊಡುವ ಗುರುತಿನ ಸಂಖ್ಯೆ, ಇದೆಯಾ ನೋಡಿ. incometax.gov.in ಮುಖಪುಟದಲ್ಲಿ `Authenticate Notice/Order Issued by ITD` ಅನ್ನುವ ಕಡೆ ಆ ಸಂಖ್ಯೆ ಹಾಕಿದರೆ ನೋಟಿಸ್ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. ಇಲಾಖೆಯ ಹೆಸರಿನಲ್ಲಿ ಸುಳ್ಳು ಮೇಲ್‌ಗಳು ಓಡಾಡುತ್ತವೆ, ಹಾಗಾಗಿ ಇದನ್ನು ಮೊದಲೇ ಮುಗಿಸಿಕೊಳ್ಳಿ.

"ದಾಖಲಿಸಿದ ಕಾರಣ ಕೊಡಿ" ಅಂತ ಈಗಲೂ ಕೇಳಬಹುದಾ?

2021ರ ಮಾರ್ಚ್ 31ರವರೆಗೆ ಇದ್ದ ಪದ್ಧತಿ ಬೇರೆ. ಅಧಿಕಾರಿ ಮೊದಲು ಕಡತದಲ್ಲಿ ಕಾರಣ ಬರೆದಿಟ್ಟು, ಆಮೇಲೆ ನೇರವಾಗಿ 148ರ ನೋಟಿಸ್ ಕಳಿಸುತ್ತಿದ್ದರು. ಆ ಕಾರಣ ನಿಮ್ಮ ಕೈಗೆ ತಾನಾಗಿ ಬರುತ್ತಿರಲಿಲ್ಲ. ಜಿಕೆಎನ್ ಡ್ರೈವ್‌ಶಾಫ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಂದು ಕ್ರಮ ಹಾಕಿಕೊಟ್ಟಿತು. ನೀವು ರಿಟರ್ನ್ ಹಾಕಿ ಕಾರಣ ಕೇಳಬೇಕು, ಅಧಿಕಾರಿ ತಕ್ಕ ಸಮಯದಲ್ಲಿ ಅದನ್ನು ಕೊಡಬೇಕು, ನೀವು ಆಕ್ಷೇಪಣೆ ಹಾಕಬೇಕು, ಅಧಿಕಾರಿ ಕಾರಣ ಸಹಿತ ಆದೇಶದಲ್ಲಿ ಅದಕ್ಕೆ ಉತ್ತರ ಕೊಡಬೇಕು. ಆ ಕಾಲದ ನೋಟಿಸ್ ಮೇಲೆ ಇನ್ನೂ ಅಪೀಲು ನಡೆಯುತ್ತಿದ್ದರೆ ಇವತ್ತಿಗೂ ಇದೇ ಅಳತೆ.

2021ರ ಏಪ್ರಿಲ್ 1ರಿಂದ 148A ಬಂತು. ಈಗ ಕಾರಣ ಹೇಳುವುದು 148ರ ನೋಟಿಸ್‌ಗೆ ಮೊದಲೇ. ಆದಾಯ ತಪ್ಪಿದೆ ಅನ್ನಲು ಇರುವ ಮಾಹಿತಿಯನ್ನು 148A ನೋಟಿಸ್ ಜೊತೆಯಲ್ಲೇ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಹಾಗಾಗಿ ಇವತ್ತಿನ ಪತ್ರದಲ್ಲಿ ಬರೀ "ಕಾರಣ ಕೊಡಿ" ಅಂತ ಬರೆದರೆ ಸಾಲದು. "ನೀವು ಆಧಾರ ಮಾಡಿಕೊಂಡ ಮಾಹಿತಿ ಮತ್ತು ಅದರ ದಾಖಲೆ ಕೊಡಿ" ಅಂತ ಕೇಳಿ. ಬಹಳಷ್ಟು ಸಲ ನೋಟಿಸ್‌ಗೆ ಅಂಟಿಸಿರುವುದು ಎರಡು ಸಾಲಿನ ಟಿಪ್ಪಣಿ: ಇಂಥ ಪ್ಯಾನ್, ಇಷ್ಟು ಲಕ್ಷದ ಸ್ಥಿರಾಸ್ತಿ ಮಾರಾಟ, ರಿಟರ್ನ್ ಹಾಕಿಲ್ಲ. ಯಾವ ಆಸ್ತಿ, ಯಾವ ದಿನ, ಯಾರಿಗೆ, ನಿಮ್ಮ ಪಾಲೆಷ್ಟು, ಒಂದೂ ಇರುವುದಿಲ್ಲ. ಅಂಥ ಟಿಪ್ಪಣಿಗೆ ಸರಿಯಾದ ಉತ್ತರ ಬರೆಯುವುದು ಯಾರಿಗೂ ಆಗದ ಕೆಲಸ. ಅದಕ್ಕೇ ದಾಖಲೆ ಕೇಳುವ ಹಕ್ಕನ್ನು ಬಿಡಬಾರದು.

ಅವರಿಗೆ ಈ ಮಾಹಿತಿ ಸಿಕ್ಕಿದ್ದಾದರೂ ಎಲ್ಲಿಂದ?

ಸಾಮಾನ್ಯವಾಗಿ ಎರಡು ಕಡೆಯಿಂದ. 30 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಆಸ್ತಿ ನೋಂದಣಿಯ ವಿವರವನ್ನು ಸಬ್ ರಿಜಿಸ್ಟ್ರಾರ್ ಆಫೀಸು ಇಲಾಖೆಗೆ ಕಳಿಸುತ್ತದೆ. ಜೊತೆಗೆ, 50 ಲಕ್ಷ ಮತ್ತು ಮೇಲಿನ ಆಸ್ತಿ ಕೊಂಡವರು ಸೆಕ್ಷನ್ 194-IA ಪ್ರಕಾರ ಶೇಕಡ 1 ಟಿಡಿಎಸ್ ಕಟ್ಟುತ್ತಾರೆ. ಅದು ನಿಮ್ಮ ಪ್ಯಾನ್‌ಗೆ ಕಟ್ಟಿದ ತೆರಿಗೆ ತೋರಿಸುವ 26AS ಪಟ್ಟಿಯಲ್ಲಿ ಕೂರುತ್ತದೆ. ಆ ವರ್ಷದ 26AS ಮತ್ತು ನಿಮ್ಮ ವ್ಯವಹಾರಗಳ ವಾರ್ಷಿಕ ಪಟ್ಟಿಯಾದ AIS ಎರಡನ್ನೂ ಪೋರ್ಟಲ್‌ನಿಂದ ಮೊದಲು ಇಳಿಸಿಕೊಳ್ಳಿ. ಇಲಾಖೆಯ ಕಣ್ಣಿಗೆ ಏನು ಬಿದ್ದಿದೆ ಅಂತ ಉತ್ತರ ಬರೆಯುವ ಮೊದಲೇ ನಿಮಗೆ ಗೊತ್ತಿರುತ್ತದೆ.

ಎಷ್ಟು ಹಳೆಯ ವರ್ಷವನ್ನು ತೆರೆಯಬಹುದು?

ಇದೇ ಮುಖ್ಯ ಪ್ರಶ್ನೆ, ಸ್ವಲ್ಪ ನಿಧಾನವಾಗಿ ಓದಿ.

2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಸೆಕ್ಷನ್ 149ರ ಪ್ರಕಾರ, 148A ನೋಟಿಸ್ ಕಳಿಸಲು ಅಸೆಸ್‌ಮೆಂಟ್ ವರ್ಷ, ಅಂದರೆ ಆದಾಯ ಬಂದ ವರ್ಷದ ಮರುವರ್ಷ, ಮುಗಿದ ಮೇಲೆ ಮೂರು ವರ್ಷ ಅವಕಾಶ. ಅದರ ನಂತರ ಬರುವ 148 ನೋಟಿಸ್‌ಗೆ ಮೂರು ವರ್ಷ ಮೂರು ತಿಂಗಳು. ಅಷ್ಟು ದಾಟಿದರೆ ತೆರೆಯುವಂತಿಲ್ಲ. ಒಂದೇ ಒಂದು ದಾರಿ ಉಳಿಯುತ್ತದೆ: ತೆರಿಗೆಯಿಂದ ತಪ್ಪಿಸಿಕೊಂಡ ಆದಾಯ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚು, ಅಥವಾ ಅಷ್ಟಾಗುವ ಸಂಭವ ಇದೆ ಅಂತ ತೋರಿಸುವ ದಾಖಲೆ ಅಧಿಕಾರಿಯ ಕೈಯಲ್ಲಿ ಇರಬೇಕು. ಹಾಗಿದ್ದರೆ 148Aಗೆ ಐದು ವರ್ಷ, 148ಕ್ಕೆ ಐದು ವರ್ಷ ಮೂರು ತಿಂಗಳು.

ಒಂದು ವರ್ಷಕ್ಕೆ ಲೆಕ್ಕ ಹಾಕೋಣ. 2020-21ರಲ್ಲಿ ಆಸ್ತಿ ಮಾರಿದರೆ ಅಸೆಸ್‌ಮೆಂಟ್ ವರ್ಷ 2021-22. ಅದು ಮುಗಿದದ್ದು 2022ರ ಮಾರ್ಚ್ 31ಕ್ಕೆ. ಮಾಮೂಲಿ ಗಡುವು 2025ರ ಮಾರ್ಚ್ 31. ಅದರ ಮೇಲೆ 148A ನೋಟಿಸ್ ಬಂದಿದ್ದರೆ, ಅಧಿಕಾರಿ 50 ಲಕ್ಷದ ಬಾಗಿಲಿನಿಂದಲೇ ಒಳಗೆ ಬಂದಿದ್ದಾರೆ ಅಂತ ಅರ್ಥ. ಆ ದಾರಿಯಲ್ಲಿ ಅವರಿಗೆ 2027ರ ಮಾರ್ಚ್ 31ರವರೆಗೆ ಅವಕಾಶ.

ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಹೌದು, ಆದರೆ ಇಂಥ ಹಳೆಯ ವರ್ಷಗಳಿಗೆ 1961ರ ಕಾಯ್ದೆಯೇ ಅನ್ವಯ.

ನನ್ನ ಸೈಟು 58 ಲಕ್ಷಕ್ಕೆ ಹೋಗಿತ್ತು. 50 ಲಕ್ಷ ದಾಟಿತಲ್ಲ, ಇನ್ನೇನು ಆಕ್ಷೇಪಣೆ?

ಇಲ್ಲೇ ಜನ ಸೋಲುವುದು. ಕಾನೂನು ಹೇಳುವುದು 50 ಲಕ್ಷದ ಆದಾಯ. 50 ಲಕ್ಷದ ವ್ಯವಹಾರ ಅಂತ ಅಲ್ಲ. ಸೈಟು ಮಾರಿದ ಪೂರ್ತಿ ಹಣ ಆದಾಯ ಆಗುವುದಿಲ್ಲ. ಕೊಂಡ ಬೆಲೆ ಕಳೆದ ಮೇಲೆ ಉಳಿಯುವ ಲಾಭ ಮಾತ್ರ ಆದಾಯ.

ಒಂದು ಉದಾಹರಣೆ ಕಟ್ಟಿ ನೋಡೋಣ. ದಾವಣಗೆರೆಯಲ್ಲಿರುವ ಒಬ್ಬ ನಿವೃತ್ತ ಶಿಕ್ಷಕಿ. 2008-09ರಲ್ಲಿ ತುಮಕೂರಿನಲ್ಲಿ ಒಂದು ಸೈಟು ತೆಗೆದುಕೊಂಡಿದ್ದರು. ನೋಂದಣಿ ಖರ್ಚು ಸೇರಿ 8,22,000 ರೂಪಾಯಿ ಆಗಿತ್ತು. 2020ರ ನವೆಂಬರ್‌ನಲ್ಲಿ 58,00,000ಕ್ಕೆ ಮಾರಿದರು. ಕೊಂಡವರು ಆಗ ಇಳಿಸಿದ್ದ ಶೇಕಡ 0.75ರ ದರದಲ್ಲಿ 43,500 ಟಿಡಿಎಸ್ ಕಟ್ಟಿದರು. ಶಿಕ್ಷಕಿಗೆ ಬರುವ ಪಿಂಚಣಿ ತೆರಿಗೆ ಮಿತಿಗಿಂತ ಕಡಿಮೆ, ಹಾಗಾಗಿ ಆ ವರ್ಷ ರಿಟರ್ನ್ ಹಾಕಿರಲಿಲ್ಲ. 2026ರ ಫೆಬ್ರವರಿಯಲ್ಲಿ 148A ನೋಟಿಸ್: 58 ಲಕ್ಷ ಆದಾಯ ತಪ್ಪಿದೆ.

ಈಗ ಲೆಕ್ಕ. ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಕಳೆಯಬೇಕು. ಹಣದುಬ್ಬರ ಸೂಚ್ಯಂಕ 2008-09ಕ್ಕೆ 137, 2020-21ಕ್ಕೆ 301. ಕೊಂಡ ಬೆಲೆಯನ್ನು 301ರಿಂದ ಗುಣಿಸಿ 137ರಿಂದ ಭಾಗಿಸಿದರೆ 18,06,000 ಬರುತ್ತದೆ. 58,00,000ದಲ್ಲಿ ಅದನ್ನು ಕಳೆದರೆ ಲಾಭ 39,94,000. ಪಿಂಚಣಿ ಬೇರೆಯೇ ಇದೆ, ಆದರೆ ಅದು ತೆರಿಗೆ ಮಿತಿಯ ಒಳಗಿನ ಸಣ್ಣ ಮೊತ್ತ. ಅದನ್ನು ಸೇರಿಸಿದರೂ 50 ಲಕ್ಷ ಮುಟ್ಟುವುದಿಲ್ಲ. ಅಂದಮೇಲೆ 2025ರ ಮಾರ್ಚ್ 31 ದಾಟಿದ ಮೇಲೆ ಈ ವರ್ಷವನ್ನು ಮುಟ್ಟುವ ಅಧಿಕಾರ ಅಧಿಕಾರಿಗೆ ಇಲ್ಲ.

ಕರ್ನಾಟಕ ಹೈಕೋರ್ಟ್ 2023ರಲ್ಲಿ ಆಸ್ತಿ ಮಾರಾಟದ ಒಂದು ಪ್ರಕರಣದಲ್ಲಿ ಇದನ್ನೇ ಹೇಳಿದೆ. ಮಾರಾಟದ ಪೂರ್ತಿ ಮೊತ್ತವನ್ನು ತಪ್ಪಿದ ಆದಾಯ ಅಂತ ಹಿಡಿಯುವಂತಿಲ್ಲ, ಖರೀದಿ ಬೆಲೆ ಕಳೆದೇ 50 ಲಕ್ಷದ ಮಿತಿ ನೋಡಬೇಕು ಅಂತ ಹೇಳಿ ನೋಟಿಸ್ ರದ್ದು ಮಾಡಿತು. ಆ ತೀರ್ಪು ಬಂದದ್ದು 2024ರ ತಿದ್ದುಪಡಿಗೆ ಮೊದಲು. ಆದರೆ "ತೆರಿಗೆಗೆ ಒಳಪಡುವ ಆದಾಯ" ಅನ್ನುವ ಮಾತು ಕಾನೂನಿನಲ್ಲಿ ಇವತ್ತಿಗೂ ಹಾಗೇ ಇದೆ. ನಿಮ್ಮ ಆಡಿಟರ್‌ಗೆ ಹೇಳಿ ಆ ತೀರ್ಪಿನ ಪ್ರತಿ ತೆಗೆಸಿ ಉತ್ತರದ ಜೊತೆ ಹಾಕಿಸಿ.

ಈ ವಾದ ಯಾವಾಗ ನಿಲ್ಲುವುದಿಲ್ಲ?

ಮಾರ್ಗಸೂಚಿ ದರ ನೋಡದೆ ಬರೆದಾಗ. ಕ್ರಯಪತ್ರದಲ್ಲಿ ಬರೆದ ಬೆಲೆಗಿಂತ ಸರ್ಕಾರದ ಮಾರ್ಗಸೂಚಿ ಮೌಲ್ಯ ಶೇಕಡ 10ಕ್ಕಿಂತ ಜಾಸ್ತಿ ಇದ್ದರೆ, ಸೆಕ್ಷನ್ 50C ಪ್ರಕಾರ ಆ ಮೌಲ್ಯವನ್ನೇ ಮಾರಾಟದ ಬೆಲೆ ಅಂತ ಹಿಡಿಯುತ್ತಾರೆ. ಶಿಕ್ಷಕಿಯ ಸೈಟಿಗೆ ಅದು 70 ಲಕ್ಷ ಇತ್ತು ಅಂದುಕೊಳ್ಳಿ. 58 ಲಕ್ಷದ ಮೇಲೆ ಶೇಕಡ 10 ಸೇರಿಸಿದರೆ 63.8 ಲಕ್ಷ. 70 ಅದನ್ನು ದಾಟಿದೆ. ಆಗ ಲಾಭ 51,94,000 ಆಗುತ್ತದೆ, 50 ಲಕ್ಷದ ಬಾಗಿಲು ತೆರೆಯುತ್ತದೆ. ಕ್ರಯಪತ್ರದಲ್ಲಿ ಮುದ್ರಾಂಕ ಶುಲ್ಕ ಯಾವ ಮೌಲ್ಯದ ಮೇಲೆ ಕಟ್ಟಿದ್ದಾರೆ ಅಂತ ಬರೆದಿರುತ್ತದೆ. ಆ ಪುಟವನ್ನು ಮೊದಲು ತೆರೆದು ನೋಡಿ, ಆಮೇಲೆ ಉತ್ತರಕ್ಕೆ ಕೈ ಹಾಕಿ.

ಇನ್ನೊಂದು ಸಂದರ್ಭ: ಅದೇ ವರ್ಷ ಬೇರೆ ದೊಡ್ಡ ಆದಾಯವೂ ಇದ್ದು ಅದನ್ನೂ ತೋರಿಸಿರದಿದ್ದರೆ. ಆಗ ತಪ್ಪಿದ ಆದಾಯದ ಒಟ್ಟು ಮೊತ್ತ ನೋಡುತ್ತಾರೆ.

ಇನ್ನು ಕೊಂಡ ಬೆಲೆಯ ಪುರಾವೆಯೇ ಇಲ್ಲದಿದ್ದರೆ ಲೆಕ್ಕ ಗಾಳಿಯಲ್ಲಿ ನಿಲ್ಲುತ್ತದೆ. ಹಳೆಯ ಕ್ರಯಪತ್ರ ಕಳೆದಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕೃತ ಪ್ರತಿ ತೆಗೆಸಬಹುದು. ನೋಟಿಸ್ ಬಂದ ದಿನವೇ ಅರ್ಜಿ ಹಾಕಿಬಿಡಿ, ಪ್ರತಿ ಕೈಗೆ ಬರಲು ಸಮಯ ಹಿಡಿಯಬಹುದು.

ಆಸ್ತಿ ಜಂಟಿ ಹೆಸರಿನಲ್ಲಿತ್ತು. ಪೂರ್ತಿ ಮೊತ್ತ ನನ್ನ ಪ್ಯಾನ್‌ಗೇ ಹಾಕಿದ್ದಾರೆ.

ಹೀಗೆ ಆಗುತ್ತದೆ. ಅಣ್ಣ ತಮ್ಮ ಸೇರಿ ಮಾರಿದ ಜಾಗದ ಪೂರ್ತಿ ಹಣ ಒಬ್ಬರ ಪ್ಯಾನ್‌ನಲ್ಲಿ ಕಾಣುತ್ತದೆ. ಕ್ರಯಪತ್ರದಲ್ಲಿ ಮಾರಿದವರ ಹೆಸರಿರುವ ಪುಟ, ನಿಮ್ಮ ಖಾತೆಗೆ ಬಂದ ಹಣ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್, ಇವೆರಡು ಹಾಕಿ ನಿಮ್ಮ ಪಾಲಿನ ಲೆಕ್ಕ ಮಾತ್ರ ಕೊಡಿ. 90 ಲಕ್ಷದ ಮಾರಾಟದಲ್ಲಿ ನಿಮ್ಮದು ಅರ್ಧ ಪಾಲು ಅಂದರೆ 45 ಲಕ್ಷ. ಖರೀದಿ ಬೆಲೆ ಕಳೆಯುವ ಮೊದಲೇ ನೀವು 50 ಲಕ್ಷದ ಒಳಗೆ ಇದ್ದೀರಿ. ಮಾರ್ಗಸೂಚಿ ಮೌಲ್ಯ ಬೇರೆ ಇದ್ದರೆ ಅದರ ಅರ್ಧ ಪಾಲನ್ನೂ ಲೆಕ್ಕ ಹಾಕಿ ನೋಡಿಕೊಳ್ಳಿ.

ಉತ್ತರ ಎಲ್ಲಿ ಹಾಕಬೇಕು, ಎಷ್ಟು ದಿನದೊಳಗೆ?

ಪೋರ್ಟಲ್‌ಗೆ ಲಾಗಿನ್ ಆಗಿ `Pending Actions`ನಲ್ಲಿ `e-Proceedings` ತೆರೆಯಿರಿ. ನೋಟಿಸ್ ಅಲ್ಲೇ ಇರುತ್ತದೆ, ಉತ್ತರವನ್ನೂ ಅಲ್ಲೇ ಹಾಕಬೇಕು. ಆಫೀಸಿಗೆ ಹೋಗಿ ಕಾಗದ ಕೊಟ್ಟು ಬಂದೆ ಅಂದರೆ ಮುಂದೆ ಪುರಾವೆಗೆ ಪರದಾಡಬೇಕಾಗುತ್ತದೆ. ಹಾಕಿದ ಮೇಲೆ ಬರುವ ಸ್ವೀಕೃತಿಯನ್ನು ಇಳಿಸಿ ಇಟ್ಟುಕೊಳ್ಳಿ.

2024ರ ಆಗಸ್ಟ್‌ವರೆಗೆ ಕನಿಷ್ಠ ಏಳು ದಿನ, ಹೆಚ್ಚೆಂದರೆ 30 ದಿನ ಕೊಡಬೇಕು ಅಂತ ಕಾನೂನಿನಲ್ಲಿ ಇತ್ತು. ಈಗ ನೋಟಿಸ್‌ನಲ್ಲಿ ಬರೆದ ಸಮಯವೇ ಗಡುವು. ದಾಖಲೆ ಬೇಕು ಅನ್ನುವ ಪತ್ರವನ್ನು ಮೊದಲ ಒಂದೆರಡು ದಿನದಲ್ಲೇ ಹಾಕಿ, ಅದರಲ್ಲೇ ಸಮಯವನ್ನೂ ಕೇಳಿ. ಆದರೆ ಅವರು ದಾಖಲೆ ಕೊಡಲಿ ಆಮೇಲೆ ನೋಡೋಣ ಅಂತ ಸುಮ್ನೆ ಕೂರಬೇಡಿ. ಸಮಯ ಸಿಗದಿದ್ದರೆ ಗಡುವಿನ ದಿನ ಕೈಯಲ್ಲಿರುವ ದಾಖಲೆ ಇಟ್ಟುಕೊಂಡೇ ಆಕ್ಷೇಪಣೆ ಹಾಕಿಬಿಡಿ. ಉತ್ತರವೇ ಇಲ್ಲದ ಕಡತದ ಮೇಲೆ ಅಧಿಕಾರಿ ಏಕಪಕ್ಷೀಯವಾಗಿ ಆದೇಶ ಬರೆಯಬಹುದು. ಹಾಗೆ ಬಂದ ಆದೇಶವನ್ನು ಪ್ರಶ್ನಿಸಲು ಹೋದರೆ, ಕೇಳಿದಾಗ ಏಕೆ ಹೇಳಲಿಲ್ಲ ಅನ್ನುವ ಪ್ರಶ್ನೆ ಮೊದಲು ಎದುರಾಗುತ್ತದೆ.

ಪತ್ರದಲ್ಲಿ ಏನು ಬರೆಯಬೇಕು?

ಎರಡು ಪತ್ರ ಬೇಕು. ಮೊದಲನೆಯದು ಚಿಕ್ಕದು:

> ಮಾನ್ಯರೇ, 2021-22ನೇ ಅಸೆಸ್‌ಮೆಂಟ್ ವರ್ಷಕ್ಕೆ ಸಂಬಂಧಿಸಿದ ತಮ್ಮ 148A(1) ನೋಟಿಸ್ ತಲುಪಿದೆ. ಆದಾಯ ತಪ್ಪಿದೆ ಎಂಬ ಅಭಿಪ್ರಾಯಕ್ಕೆ ಆಧಾರವಾದ ಪೂರ್ತಿ ಮಾಹಿತಿ, ಅದು ಬಂದ ಮೂಲ, ಮತ್ತು ಅದಕ್ಕೆ ಸಂಬಂಧಿಸಿದ ದಾಖಲೆಗಳ ಪ್ರತಿ ಕೊಡಬೇಕಾಗಿ ಕೋರುತ್ತೇನೆ. ಮೂರು ವರ್ಷದ ಗಡುವು ಮುಗಿದಿರುವುದರಿಂದ, ತಪ್ಪಿದ ಆದಾಯ 50 ಲಕ್ಷ ಅಥವಾ ಹೆಚ್ಚು ಎಂದು ತೋರಿಸುವ ದಾಖಲೆ ಮತ್ತು ಅದರ ಲೆಕ್ಕವನ್ನೂ ಕೊಡಬೇಕಾಗಿ ಕೋರುತ್ತೇನೆ. ಅವು ತಲುಪಿದ ಮೇಲೆ ಉತ್ತರಿಸಲು ಸಮಯ ಕೊಡಬೇಕು.

ಎರಡನೆಯದು ಆಕ್ಷೇಪಣೆ. ಇದರಲ್ಲಿ ಗಡುವಿನ ವಿಷಯವೇ ಮೊದಲು ಬರಲಿ. ಅಸೆಸ್‌ಮೆಂಟ್ ವರ್ಷ ಮುಗಿದ ದಿನ, ಮೂರು ವರ್ಷ ತುಂಬಿದ ದಿನ, ನೋಟಿಸ್ ದಿನ, ಈ ಮೂರನ್ನೂ ಒಂದರ ಕೆಳಗೊಂದು ಬರೆಯಿರಿ. ಅದರ ಕೆಳಗೆ ಲಾಭದ ಲೆಕ್ಕ, ಪ್ರತಿ ಅಂಕಿಗೂ ಯಾವ ದಾಖಲೆ ಅನ್ನುವ ಗುರುತು. ಆಮೇಲೆ ತೆರಿಗೆಯ ವಿಷಯ. ಉದಾಹರಣೆಗೆ, ಮಾರಿದ ಹಣದಲ್ಲಿ ಮನೆ ಕಟ್ಟಿದ್ದರೆ ಸೆಕ್ಷನ್ 54F ವಿನಾಯಿತಿ. ಅದನ್ನು "ಮೇಲಿನ ಆಕ್ಷೇಪಣೆಗೆ ಧಕ್ಕೆ ಬಾರದಂತೆ" ಅಂತ ಹೇಳಿ ಬರೆಯಿರಿ. ಅನೇಕರು ಈ ಕ್ರಮವನ್ನು ಉಲ್ಟಾ ಮಾಡುತ್ತಾರೆ. ಮನೆ ಕಟ್ಟಿದ ಬಿಲ್ಲುಗಳನ್ನೆಲ್ಲ ಮುಂದಿಟ್ಟು ಗಡುವಿನ ಮಾತನ್ನು ಕೊನೆಯ ಸಾಲಿಗೆ ತಳ್ಳುತ್ತಾರೆ. ಅಧಿಕಾರಿಯ ಆದೇಶವೂ ಬಿಲ್ಲುಗಳ ಸುತ್ತಲೇ ಬರುತ್ತದೆ: ಇದನ್ನು ಪರಿಶೀಲಿಸಬೇಕು, ಹಾಗಾಗಿ ತೆರೆಯಲು ಯೋಗ್ಯ. ಗಡುವಿನ ಮಾತಿಗೆ ಉತ್ತರವೇ ಇರುವುದಿಲ್ಲ.

ಈ ಉತ್ತರಗಳನ್ನು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಹಾಕುತ್ತಾರೆ. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಡಿಟರ್ ಕೈಗೆ ಕೊಡಿ. ನಿಮ್ಮ ಸಂಗತಿ ನಿಮಗಿಂತ ಚೆನ್ನಾಗಿ ಅವರಿಗೆ ಗೊತ್ತಿರುವುದಿಲ್ಲ.

ಆ ವರ್ಷ ಸ್ಕ್ರೂಟಿನಿ, ಅಂದರೆ ರಿಟರ್ನ್‌ನ ವಿವರವಾದ ಪರಿಶೀಲನೆ, ಆಗಿಹೋಗಿತ್ತು. ಅದೇ ವಿಷಯ ಮತ್ತೆ ಕೇಳುತ್ತಿದ್ದಾರೆ.

ಇದಕ್ಕೆ ಆಧಾರ ಸುಪ್ರೀಂ ಕೋರ್ಟ್‌ನ 2010ರ ಕೆಲ್ವಿನೇಟರ್ ತೀರ್ಪು. ಅದೇ ದಾಖಲೆ ನೋಡಿ ಬೇರೆ ಅಭಿಪ್ರಾಯ ಬಂತು ಅನ್ನುವ ಕಾರಣಕ್ಕೆ ತೆರೆಯುವಂತಿಲ್ಲ, ಕೈಗೆ ಸಿಗುವಂಥ ಹೊಸ ಆಧಾರ ಬೇಕು ಅಂತ ಅದು ಹೇಳಿತು. ಆ ತೀರ್ಪು ಹಳೆಯ ಪದ್ಧತಿಯದು. ಹೊಸ ಸೆಕ್ಷನ್‌ನಲ್ಲಿ "ಮಾಹಿತಿ" ಅಂದರೆ ಯಾವುದು ಅಂತ ಪಟ್ಟಿಯೇ ಇದೆ, ಆಡಿಟ್ ಆಕ್ಷೇಪವೂ ಅದರಲ್ಲಿ ಸೇರಿದೆ. ಹಾಗಾಗಿ ಈ ವಾದ ಹಾಕಿ, ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಆಗ ಅವರು ಕೇಳಿದ ಪ್ರಶ್ನೆಪತ್ರ, ನೀವು ಕೊಟ್ಟ ಉತ್ತರ, ಸ್ಕ್ರೂಟಿನಿ ಮುಗಿಸಿ ಬರೆದ 143(3) ಆದೇಶ, ಮೂರನ್ನೂ ಜೋಡಿಸಿ. ಬಾಯಿಮಾತಿಗೆ ಇಲ್ಲಿ ಬೆಲೆ ಇಲ್ಲ.

ಆಕ್ಷೇಪಣೆ ತಳ್ಳಿಹಾಕಿ ಆದೇಶ ಬಂತು. ಈಗ?

ಮೊದಲು ಆದೇಶವನ್ನು ಪೂರ್ತಿ ಓದಿ. ನೀವು ಎತ್ತಿದ ಗಡುವಿನ ಮಾತಿಗೆ ಉತ್ತರ ಇದೆಯಾ? ಲಾಭದ ಲೆಕ್ಕವನ್ನು ಮುಟ್ಟಿದ್ದಾರಾ? ಸೆಕ್ಷನ್ 151ರ ಪ್ರಕಾರ ಮೇಲಧಿಕಾರಿಯ ಒಪ್ಪಿಗೆ ಆದೇಶಕ್ಕೆ ಮೊದಲೇ ಸಿಕ್ಕಿತ್ತಾ? 2024ರ ಸೆಪ್ಟೆಂಬರ್‌ನಿಂದ ಅದು ಅಡಿಷನಲ್ ಅಥವಾ ಜಾಯಿಂಟ್ ಕಮಿಷನರ್ ದರ್ಜೆಯವರದ್ದು. ಒಪ್ಪಿಗೆಯ ಪ್ರತಿ ಕೊಡಿ ಅಂತ ಬರೆದು ಕೇಳಿ.

ಈ ಆದೇಶದ ಮೇಲೆ ನೇರ ಅಪೀಲು ಇಲ್ಲ. ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟ್‌ಗೆ ರಿಟ್ ಹಾಕಬಹುದು. ನಮ್ಮಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಿವೆ. ಗಡುವು ಮುಗಿದಿದೆ ಅನ್ನುವುದು ಅಧಿಕಾರ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ, ಅದನ್ನು ಕೋರ್ಟ್ ಕೇಳಿಸಿಕೊಳ್ಳುತ್ತದೆ. ನನ್ನ ಖರ್ಚಿನ ಬಿಲ್ಲು ಒಪ್ಪಲಿಲ್ಲ ಅನ್ನುವಂಥ ತಕರಾರಿಗೆ, ಅಸೆಸ್‌ಮೆಂಟ್‌ನಲ್ಲೇ ಹೇಳಿಕೊಳ್ಳಿ ಅಂತ ಸಾಮಾನ್ಯವಾಗಿ ಹಿಂದಕ್ಕೆ ಕಳಿಸುತ್ತದೆ. ಶಿಕ್ಷಕಿಯಂಥ ಪ್ರಕರಣದಲ್ಲಿ ರಿಟ್ ಹಾಕುವುದು ಖರ್ಚಿಗೆ ತಕ್ಕ ಕೆಲಸ ಅನ್ನುವುದು ನನ್ನ ಅಭಿಪ್ರಾಯ. ಪಾಲಿನ ಬಗ್ಗೆ, ಬೆಲೆಯ ಬಗ್ಗೆ ಜಗಳ ಇರುವ ಕಡೆ ಹಾಗಲ್ಲ.

148 ನೋಟಿಸ್ ಬಂದ ಮೇಲೆ ರಿಟರ್ನ್ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗಾಗುವುದಿಲ್ಲವಾ?

ಆಗುವುದಿಲ್ಲ. ಹಾಕದಿದ್ದರೇ ತೊಂದರೆ. ನೋಟಿಸ್‌ನಲ್ಲಿ ಕೊಟ್ಟ ಸಮಯದೊಳಗೆ ಹಾಕಿ. ಆ ಸಮಯ ನೋಟಿಸ್ ಬಂದ ತಿಂಗಳ ಕೊನೆಯಿಂದ ಮೂರು ತಿಂಗಳು ಮೀರುವುದಿಲ್ಲ. ಹಾಕಿದ ದಿನವೇ `e-Proceedings`ನಲ್ಲಿ ಒಂದು ಪತ್ರ ಸೇರಿಸಿ: ನೋಟಿಸ್‌ನ ಸಿಂಧುತ್ವಕ್ಕೆ ನನ್ನ ಆಕ್ಷೇಪಣೆ ಹಾಗೇ ಇದೆ, ಅದನ್ನು ಬಿಟ್ಟುಕೊಡದೆ ಈ ರಿಟರ್ನ್ ಸಲ್ಲಿಸಿದ್ದೇನೆ.

ನೋಟಿಸ್ ಕೈಗೇ ಬರಲಿಲ್ಲ, ಅಥವಾ ತಡವಾಗಿ ಬಂತು ಅನ್ನುವ ದೂರಿದ್ದರೆ ಅದನ್ನೂ ಅಸೆಸ್‌ಮೆಂಟ್ ಮುಗಿಯುವ ಮೊದಲೇ ಬರೆದು ಕೊಡಿ. ನೀವು ವಿಚಾರಣೆಯಲ್ಲಿ ಭಾಗವಹಿಸಿ ಆ ಮಾತು ಎತ್ತದೆ ಇದ್ದರೆ, ಸೆಕ್ಷನ್ 292BB ಪ್ರಕಾರ ನೋಟಿಸ್ ಸರಿಯಾಗಿ ತಲುಪಿದೆ ಅಂತಲೇ ಲೆಕ್ಕ.

ಕೊನೆಗೆ ತೆರಿಗೆ ಹಾಕಿ ಆದೇಶ ಬಂದರೆ, ಡಿಮ್ಯಾಂಡ್ ನೋಟಿಸ್ ತಲುಪಿದ 30 ದಿನದೊಳಗೆ ಫಾರ್ಮ್ 35ರಲ್ಲಿ ಅಪೀಲು ಹಾಕಬೇಕು. ಅಪೀಲಿನ ಮೊದಲ ಅಂಶವಾಗಿ ಗಡುವಿನ ಆಕ್ಷೇಪಣೆಯನ್ನೇ ಬರೆಯಿರಿ, ಜೊತೆಗೆ 148A ಹಂತದಲ್ಲಿ ಹಾಕಿದ ಎರಡೂ ಪತ್ರ ಮತ್ತು ಅವುಗಳ ಸ್ವೀಕೃತಿ ಲಗತ್ತಿಸಿ.